ಅರ್ಧಕ್ಕೆ ಇಳಿದ ಲಕ್ವ

ಇಂಗ್ಲಿಷಿನಿಂದ ಕನ್ನಡಕ್ಕೆ ಬಂದ ಕಾಗದ ಓದುವಾಗಲೆಲ್ಲ ನನಗೆ ಪಿತ್ತ ನೆತ್ತಿಗೇರುತ್ತದೆ. ಆ ಕಾಗದ ನಮ್ಮವರಿಗೆ ಒಳ್ಳೆಯದು ಮಾಡಲೆಂದೇ ಬಂದಿದ್ದರಂತೂ ಇನ್ನೂ ಹೆಚ್ಚು. ಕಡೂರಿನ ಒಂದು ಆಸ್ಪತ್ರೆಯಲ್ಲಿ ನಾನು ಟ್ರಯಲ್ ಕೋಆರ್ಡಿನೇಟರ್. ಹುದ್ದೆಯ ಹೆಸರು ಕೇಳಿ ನಮ್ಮ ನೆಂಟರು ನನ್ನನ್ನು ಅರ್ಧ ಡಾಕ್ಟರ್ ಎಂದುಕೊಂಡಿದ್ದಾರೆ. ನಿಜವಾದ ಕೆಲಸವೆಂದರೆ ಫೋನ್ ಮಾಡಿ "ಮಾತ್ರೆ ತಗೊಂಡ್ರಾ" ಎಂದು ವಿಚಾರಿಸುವುದು, ಫೋನ್ ಎತ್ತದವರ ಮನೆಗೆ ಬಸ್ಸು ಹತ್ತಿ ಹೋಗುವುದು, ಹೋದಲ್ಲಿ ಬೈಸಿಕೊಂಡು ಕಾಫಿ ಕುಡಿದು ಬರುವುದು.

ಲಕ್ವ ಹೊಡೆಯದಂತೆ ತಡೆಯುವ ಮಾತ್ರೆಯೊಂದರ ಪರೀಕ್ಷೆ ಅದು. ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ನಮ್ಮ ಜನರೂ ಅದರಲ್ಲಿ ಸೇರಿದ್ದರು. ಸೇರಿದವರಲ್ಲಿ ಅರ್ಧ ಜನರಿಗೆ ನಿಜವಾದ ಮಾತ್ರೆ, ಉಳಿದವರಿಗೆ ನೋಡಲು ಹಾಗೆಯೇ ಇರುವ, ಔಷಧಿಯಿಲ್ಲದ ಮಾತ್ರೆ. ಯಾರಿಗೆ ಯಾವುದೆಂದು ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಮೂರು ವರ್ಷ ಕಳೆದು ಎಲ್ಲ ಮುಗಿದ ಮೇಲೆ ಯಾರಿಗೆ ಏನು ಸಿಕ್ಕಿತ್ತೆಂದು ಒಬ್ಬೊಬ್ಬರಿಗೂ ತಿಳಿಸಿದೆವು. ಉಳಿದದ್ದು ಒಂದೇ ಕೆಲಸ: ಒಟ್ಟಾರೆ ಫಲಿತಾಂಶ ಏನಾಯಿತೆಂದು ಅವರೆಲ್ಲರಿಗೂ ಸರಳ ಭಾಷೆಯಲ್ಲಿ ಬರೆದು ಕೊಡುವುದು.

ಮಾತ್ರೆ ತಯಾರಿಸಿದ ಕಂಪನಿಯವರು ಸರಳ ಭಾಷೆಯ ಕನ್ನಡವನ್ನು ತಾವೇ ಮಾಡಿಸಿ ಕಳಿಸಿದರು. ಅದರ ಮೊದಲ ಸಾಲು: "ಈ ಔಷಧಿಯು ಪಾರ್ಶ್ವವಾಯುವಿನ ಸಾಪೇಕ್ಷ ಅಪಾಯಾಂಶವನ್ನು ಶೇಕಡಾ ಐವತ್ತರಷ್ಟು ತಗ್ಗಿಸಿರುವುದು ಕಂಡುಬಂದಿರುತ್ತದೆ." ಅಬ್ಬಬ್ಬಾ! ಇದು ಸರಳವಾದರೆ ಕಷ್ಟದ್ದು ಹೇಗಿರಬಹುದೋ! ಜೊತೆಗೆ ಒಂದು ಸರ್ಟಿಫಿಕೇಟೂ ಇತ್ತು. ಕನ್ನಡವನ್ನು ತರೀಕೆರೆಯ ಒಬ್ಬ ಇಂಗ್ಲಿಷ್ ಮೇಷ್ಟರಿಗೆ ಕೊಟ್ಟು ಮತ್ತೆ ಇಂಗ್ಲಿಷಿಗೆ ತಿರುಗಿಸಿ ನೋಡಿದ್ದರು. ಹೊರಟ ಇಂಗ್ಲಿಷೇ ಮರಳಿ ಬಂದಿತ್ತು, ಆದ್ದರಿಂದ ಅನುವಾದ ಸರಿಯಾಗಿದೆಯಂತೆ. ಇಂಗ್ಲಿಷು ತರೀಕೆರೆಗೆ ಹೋಗಿ ಯಾರಿಗೂ ಅರ್ಥವಾಗದೆ ಕ್ಷೇಮವಾಗಿ ಮನೆ ಸೇರಿತ್ತು.

ನಾನು ಪರೀಕ್ಷೆಯ ಹೊಣೆ ಹೊತ್ತಿದ್ದ ನಮ್ಮ ಡಾಕ್ಟರ ಮುಂದೆ ಕೂತು ಆ ಸಾಲನ್ನು "ಲಕ್ವ ಹೊಡೆಯುವ ಅಪಾಯ ಅರ್ಧಕ್ಕೆ ಇಳಿಯುತ್ತದೆ" ಎಂದು ಬದಲಾಯಿಸಿದೆ. ಅವರಿಗೆ ಬಲು ಹಿಡಿಸಿತು. "ನೋಡಿ, ಎಷ್ಟು ಚೆನ್ನಾಗಿ ಕೇಳ್ಸುತ್ತೆ, ಆಸ್ಪತ್ರೆ ಬೋರ್ಡಿಗೂ ಹಾಕಿಸ್ಬೋದು" ಎಂದರು. ನಾನೂ ಉಬ್ಬಿದೆ. ಇಂಥ ಪರೀಕ್ಷೆಯಲ್ಲಿ ಜನರಿಗೆ ಅನ್ಯಾಯವಾಗದಂತೆ ನೋಡಿಕೊಳ್ಳುವ ಎಥಿಕ್ಸ್ ಕಮಿಟಿಯವರು ಮಾತ್ರ, ಒಪ್ಪಿಗೆ ಕೊಡುವ ಮುಂಚೆ ಭಾಗವಹಿಸಿದ ಕೆಲವರ ಮುಂದೆ ಓದಿ, ಏನು ಅರ್ಥವಾಯಿತೆಂದು ಕೇಳಿಕೊಂಡು ಬನ್ನಿ ಎಂದರು. ಅದು ಬರೀ ಶಾಸ್ತ್ರಕ್ಕೆ ಎಂದುಕೊಂಡು ಅಜ್ಜಂಪುರಕ್ಕೆ ಹೊರಟೆ.

ಅಲ್ಲಿ ನಾವು ರಕ್ತದೊತ್ತಡ ನೋಡುತ್ತಿದ್ದ ಕೋಣೆಯಲ್ಲೇ ನಾಲ್ಕೈದು ಜನ ಸೇರಿದ್ದರು. ನಾನು ಗಂಟಲು ಸರಿಮಾಡಿಕೊಂಡು ಓದಿದೆ. ಕಾಯಿ ವ್ಯಾಪಾರದ ಯಜಮಾನರೊಬ್ಬರು ಹುಬ್ಬು ಗಂಟಿಕ್ಕಿದರು.

"ಅಲ್ಲ ಕಣವ್ವಾ, ಲಕ್ವ ಅಂದ್ರೇನೇ ಅರ್ಧ ಮೈ ಬಿದ್ದೋಗೋದು. ಅದು ಇನ್ನೂ ಅರ್ಧಕ್ಕಿಳೀತು ಅಂದ್ರೆ ಕಾಲು ಮೈ ಬೀಳ್ತದಾ? ಬರೀ ಕೈಯಾ, ಬರೀ ಕಾಲಾ?"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. "ಹಂಗಲ್ಲ ಯಜಮಾನ್ರೆ" ಎಂದು ಬಿಡಿಸಿ ಹೇಳಲು ಹೊರಟೆ, ಅಷ್ಟರಲ್ಲಿ ಮೂಲೆಯಲ್ಲಿದ್ದ ಹಿರಿಯ ಹೆಂಗಸು ಬಾಯಿ ಹಾಕಿದರು.

"ನಂಗರ್ಥಾಯ್ತು ಬಿಡಿ. ಅರ್ಧಕ್ಕಿಳೀತು ಅಂದ್ರೆ ಅರ್ಧ ಜನ ಬಚಾವಾದ್ರು. ಮಾತ್ರೆ ಸರ್ಯಾಗಿ ನುಂಗಿದೋರು ಬಚಾವು, ಮರ್ತೋರು ಹಾಸಿಗೆ." ಹೀಗೆ ಹೇಳಿ ಪಕ್ಕದಲ್ಲಿದ್ದ ತಮ್ಮನ ಹೆಂಡತಿಯ ಕಡೆ ತಿರುಗಿದರು. "ಕೇಳಿಸ್ಕೊಂಡ್ಯೇನೇ? ನಾ ಹೇಳಿದ್ದೇ ಬರ್ದಿದಾರೆ."

ಆ ತಮ್ಮನನ್ನು ನಾನು ಬಲ್ಲೆ. ಹಿಟ್ಟಿನ ಗಿರಣಿ ನಡೆಸುತ್ತಿದ್ದ ಮನುಷ್ಯ, ಅವರಿಗೆ ಸಿಕ್ಕಿದ್ದು ನಿಜವಾದ ಮಾತ್ರೆಯೇ. ಆದರೂ ಪರೀಕ್ಷೆ ನಡೆಯುತ್ತಿದ್ದಾಗಲೇ ಲಕ್ವ ಹೊಡೆದು ಬಲಗೈಯೂ ಮಾತೂ ಹೋಗಿದ್ದವು. ನನಗೆ ಗೊತ್ತಿಲ್ಲದಿದ್ದದ್ದು ಉಳಿದ ಕಥೆ, ಅದನ್ನು ಅಂದು ಅಲ್ಲೇ ಕೇಳಿದೆ. ಅದಕ್ಕೆ ಕೆಲವು ವಾರಗಳ ಮುಂಚೆ ಮನೆಯವರೆಲ್ಲ ಕೆಮ್ಮಣ್ಣುಗುಂಡಿಗೆ ಹೋಗಿದ್ದರು. ಹೊರಡುವ ಗಡಿಬಿಡಿಯಲ್ಲಿ ಹೆಂಡತಿ ಮಾತ್ರೆಯ ಡಬ್ಬಿಯನ್ನು ಮನೆಯಲ್ಲೇ ಬಿಟ್ಟಿದ್ದಳು, ಎರಡು ದಿನದ ಮಾತ್ರೆ ತಪ್ಪಿತ್ತು. ಗಂಡನಿಗೆ ಲಕ್ವ ಹೊಡೆದಂದಿನಿಂದ ಅವಳು ಆ ಮನೆಯಲ್ಲಿ ತಲೆಯೆತ್ತಿ ಮಾತಾಡಿಲ್ಲ. ಕೂಡುಮನೆಯ ಬಾಯಲ್ಲಿದ್ದ ತೀರ್ಪಿಗೆ ಈಗ ನಾನು ಆಸ್ಪತ್ರೆಯ ಮೊಹರು ಒತ್ತಿದ ಹಾಗಾಯಿತು.

"ಹಂಗೇನೂ ಬರ್ದಿಲ್ಲಮ್ಮ" ಎಂದೆ.

"ಬರ್ದಿದೀರಲ್ಲ ಮೇಡಂ" ಎಂದಳು ಅವಳು ಮೆಲ್ಲಗೆ. "ಅರ್ಧ ಅಂತ."

ವಾಪಸು ಬರುವ ಬಸ್ಸಿನಲ್ಲಿ ನನಗೆ ನನ್ನ ಮೇಲೇ ಕೆಂಡದಂಥ ಸಿಟ್ಟು. ಸಾಪೇಕ್ಷವೆಂಬ ಪದವನ್ನು ಕಿತ್ತು ಹಾಕಿ ದೊಡ್ಡ ಕೆಲಸ ಮಾಡಿದೆನೆಂದು ಬೀಗಿದ್ದೆ. ಪದ ಬದಲಾಗಿತ್ತು, ಲೆಕ್ಕ ಅದೇ ಇತ್ತು. ಅರ್ಧ ನಿಜ, ಆದರೆ ಯಾವುದರ ಅರ್ಧ? ಅದನ್ನು ಹೇಳದೆ ಅರ್ಧವೆಂದರೆ ಕೇಳುವವರು ತಮಗೆ ಬೇಕಾದದ್ದರ ಅರ್ಧ ಮಾಡಿಕೊಳ್ಳುತ್ತಾರೆ, ಮೈಯದೋ ಜನರದೋ.

ಪರೀಕ್ಷೆಗೆ ಸೇರಿದವರ ಪೂರ್ತಿ ಸಂಖ್ಯೆ ದೊಡ್ಡದು, ಲೆಕ್ಕ ತಿಳಿಯಲೆಂದು ನೂರಕ್ಕೆ ಎಷ್ಟೆಂದು ನೋಡೋಣ. ಔಷಧಿಯಿಲ್ಲದ ಮಾತ್ರೆ ನುಂಗಿದ ನೂರು ಜನರಲ್ಲಿ ಮೂರು ವರ್ಷದೊಳಗೆ ನಾಲ್ವರಿಗೆ ಲಕ್ವ ಹೊಡೆಯಿತು. ನಿಜವಾದ ಮಾತ್ರೆ ನುಂಗಿದ ನೂರು ಜನರಲ್ಲಿ ಇಬ್ಬರಿಗೆ. ನಾಲ್ಕು ಹೋಗಿ ಎರಡಾಯಿತು, ಆದ್ದರಿಂದ ಅರ್ಧ. ಅದನ್ನೇ ಇನ್ನೊಂದು ರೀತಿ ನೋಡಿದರೆ ನೂರಕ್ಕೆ ಇಬ್ಬರಿಗೆ ಕಡಿಮೆ. ತೊಂಬತ್ತಾರು ಜನರಿಗೆ ಔಷಧಿಯಿಲ್ಲದೆಯೂ ಬರಲಿಲ್ಲ. ಮಾತ್ರೆ ನುಂಗಿಯೂ ಇಬ್ಬರಿಗೆ ಬಂತು. ಆ ಇಬ್ಬರು "ಅರ್ಧ" ಎಂಬ ಪದದ ಹಿಂದೆ ಎಲ್ಲಿ ಅಡಗಿದ್ದರೋ!

ಇಷ್ಟು ಕಣ್ಣಿಗೆ ಬಿದ್ದ ಮೇಲೆ ಕಾಗದದ ಕೆಳಗಿನ ಸಾಲೂ ಕಂಡಿತು. ಮಾತ್ರೆಯಿಂದ ಹೊಟ್ಟೆಯೊಳಗೆ ರಕ್ತ ಸೋರುವುದು ಸ್ವಲ್ಪ ಹೆಚ್ಚಿತ್ತು. ಔಷಧಿಯಿಲ್ಲದ ಕಡೆ ನೂರಕ್ಕೆ ಒಬ್ಬರಿಗೆ, ಔಷಧಿಯ ಕಡೆ ಇಬ್ಬರಿಗೆ. ಲಕ್ವಕ್ಕೆ ಹಿಡಿದ ಕೋಲಿನಲ್ಲೇ ಅಳೆದರೆ ಅದು "ಎರಡು ಪಟ್ಟು" ಆಗಬೇಕು. ಆದರೆ ಅಲ್ಲಿ "ನೂರಕ್ಕೆ ಕೇವಲ ಒಬ್ಬರಿಗೆ ಹೆಚ್ಚು" ಎಂದು ಬರೆದಿದ್ದರು. ಲಾಭಕ್ಕೊಂದು ಕೋಲು, ತೊಂದರೆಗೊಂದು ಕೋಲು. ಎರಡೂ ಸಾಲು ಸುಳ್ಳಲ್ಲ, ಅದೇ ಅವುಗಳ ಸೊಗಸು.

ಡಾಕ್ಟರಿಗೆ ತೋರಿಸಿದೆ. ಒಳ್ಳೆಯ ಮನುಷ್ಯ, ಆದರೆ ಬೋರ್ಡಿನ ಆಸೆ ಬಿಟ್ಟಿರಲಿಲ್ಲ.

"ನೂರಕ್ಕೆ ಇಬ್ಬರು ಅಂತ ಬರೆದ್ರೆ ಜನ ಇಷ್ಟೇನಾ ಅಂತಾರಲ್ರೀ."

"ಇಷ್ಟೇ ಇದ್ರೆ ಇಷ್ಟೇ ಅನ್ಲಿ ಸಾರ್. ಮೂರು ವರ್ಷ ನುಂಗಿದೋರು ಅವ್ರು, ಅಷ್ಟು ಅನ್ನೋ ಹಕ್ಕಿಲ್ವಾ?"

"ಇಬ್ರಿಗೆ ತಪ್ಪಿದ್ದು ಸಣ್ಣ ವಿಷ್ಯ ಅಲ್ಲ ಕಣ್ರೀ."

"ನಾನೆಲ್ಲಿ ಸಣ್ಣದು ಅಂದೆ? ಇಬ್ರು ಅಂತಲೇ ಬರೆಯೋಣ ಅಂದೆ. ಮಾತ್ರೆ ನುಂಗಿದ್ರೂ ಬಂದ ಇಬ್ರನ್ನೂ ಬರೆಯೋಣ." ನನ್ನ ದನಿ ಏರಿತ್ತು. ಅಜ್ಜಂಪುರದ ಹೆಂಗಸಿನ ಕಥೆ ಹೇಳಿದೆ. ಅವರು ಪೆನ್ನು ಕೊಟ್ಟರು.

ಹೊಸದಾಗಿ ಬರೆದೆ. ಲಾಭಕ್ಕೂ ತೊಂದರೆಗೂ ಅದೇ ನೂರು ಜನ, ಅದೇ ಮೂರು ವರ್ಷ. ಬೇರೆ ಜನರಲ್ಲಿ ನೋಡಿದರೆ ಅಂಕಿ ಸ್ವಲ್ಪ ಹೆಚ್ಚುಕಡಿಮೆ ಆಗಬಹುದು ಎಂದೊಂದು ಸಾಲು. "ಯಾರೋ ಒಬ್ಬರಿಗೆ ಏಕೆ ಲಕ್ವ ಬಂತು, ಏಕೆ ಬರಲಿಲ್ಲ ಎಂಬುದನ್ನು ಈ ಅಧ್ಯಯನ ಹೇಳಲಾರದು" ಎಂದು ಇನ್ನೊಂದು. ಓದಿ ತೋರಿಸಲು ಹೋದಾಗ ಕಾಯಿ ವ್ಯಾಪಾರದ ಯಜಮಾನರು, "ನೂರು ಅಂದ್ರೆ ಕೊಸರು ಸೇರಿಸಿಯೋ, ಬಿಟ್ಟೋ?" ಎಂದರು. ನೂರು ಕಾಯಿ ಕೊಂಡರೆ ಮೇಲೆ ನಾಲ್ಕಾರು ಕಾಯಿ ಕೊಸರು ಹಾಕಿಸಿಕೊಳ್ಳದೆ ಬಿಡುವವರಲ್ಲ ಅವರು. ಕೊಸರಿಲ್ಲದ ನೂರು ಎಂದೆ. "ಹಂಗಾದ್ರೆ ಸರಿ" ಎಂದು ಒಪ್ಪಿ, ಇಡೀ ಲೆಕ್ಕವನ್ನು ಪಕ್ಕದವರಿಗೆ ತಪ್ಪಿಲ್ಲದೆ ಹೇಳಿದರು.

ಕಂಪನಿಯವರು ಸುಲಭಕ್ಕೆ ಬಗ್ಗಲಿಲ್ಲ. ಇದರಿಂದ ಸಂದೇಶದ ಬಲ ಕುಗ್ಗುತ್ತದೆ ಎಂದು ನಯವಾದ ಇಂಗ್ಲಿಷಿನಲ್ಲಿ ಬರೆದರು. ಎಥಿಕ್ಸ್ ಕಮಿಟಿಯವರು ಎರಡಕ್ಕೂ ಒಂದೇ ಅಳತೆ ಇರದಿದ್ದರೆ ಒಪ್ಪಿಗೆಯಿಲ್ಲ ಎಂದು ಕೂತರು. ಕೊನೆಗೆ ಕಂಪನಿ ಒಪ್ಪಿತು. ಒಪ್ಪಿದ್ದಷ್ಟೇ ಅಲ್ಲ, ಹೀಗೆ ಬರೆಯುವುದು ಮೊದಲಿನಿಂದಲೂ ತಮ್ಮ ಪದ್ಧತಿ ಎಂದೂ ತಿಳಿಸಿತು. ಆಗಲಿ ಮಾರಾಯರೇ, ನಿಮ್ಮದೇ ಇರಲಿ ಎಂದುಕೊಂಡೆ.

ಕಾಗದ ಹಿಡಿದು ಗಿರಣಿಯವರ ಮನೆಗೆ ನಾನೇ ಹೋದೆ. ಅವರು ಗೋಡೆಗೆ ಒರಗಿ ಕೂತಿದ್ದರು, ಹೆಂಡತಿ ಅವರಿಗೆ ಅಂಬಲಿ ಕುಡಿಸುತ್ತಿದ್ದಳು. ಅವರ ಅಕ್ಕ ನನ್ನ ಕೈಯಿಂದ ಕಾಗದ ತೆಗೆದುಕೊಂಡು, ಕನ್ನಡಕ ಏರಿಸಿ, ಶಾಲೆಯ ಮಕ್ಕಳಂತೆ ಗಟ್ಟಿಯಾಗಿ ಓದತೊಡಗಿದರು. "ಮಾತ್ರೆ ತೆಗೆದುಕೊಂಡ ನೂರು ಜನರಲ್ಲೂ ಇಬ್ಬರಿಗೆ ಲಕ್ವ ಹೊಡೆಯಿತು" ಎಂಬಲ್ಲಿಗೆ ಬಂದು ನಿಂತರು. ಮತ್ತೊಮ್ಮೆ ಓದಿದರು, ಈ ಸಲ ಮನಸ್ಸಿನಲ್ಲೇ. ಮುಗಿಯಿತು, ನಾನು ಗೆದ್ದೆ ಎಂದುಕೊಂಡೆ.

"ಒಬ್ಬ ನಮ್ಮವ್ನು, ಸರಿ" ಎಂದರು ಅಕ್ಕ. "ಇನ್ನೊಬ್ಬನ ಹೆಂಡ್ತೀನೂ ಡಬ್ಬಿ ಮರ್ತಿದ್ಲಂತಾ?"

ಇಷ್ಟು ತಿಂಗಳ ಜಗಳ, ಕಮಿಟಿ, ಒಂದೇ ಅಳತೆ, ಎಲ್ಲವೂ ನೀರಿನಲ್ಲಿ ಹೋಮ. ಗಿರಣಿಯವರು ಎಡಗೈಯಿಂದ ಏನೋ ಹೇಳಲು ಹೋದರು, ಆಗಲಿಲ್ಲ, ಕಣ್ಣು ತುಂಬಿಕೊಂಡರು. ಹೆಂಡತಿ ಲೋಟ ಕೆಳಗಿಟ್ಟು ಸೆರಗಿನಿಂದ ಅವರ ಬಾಯಿ ಒರೆಸಿದಳು. ಆಮೇಲೆ ತಲೆಯೆತ್ತಿ ಗಂಡನ ಅಕ್ಕನ ಮುಖ ನೋಡಿದಳು.

"ಅವ್ಳು ಮರ್ತಿಲ್ದಿದ್ರೂ ಬಂದಿರುತ್ತೆ ಅಕ್ಕಾ. ಬರ್ದಿದಾರಲ್ಲ, ತಗೊಂಡೋರಲ್ಲೂ ಅಂತ." ನಂತರ ನನ್ನ ಕಡೆ ತಿರುಗಿದಳು. "ಮೇಡಂ, ಅವ್ಳ ಮನೇಲೂ ಹಿಂಗೇ ಅಂತಿರ್ತಾರೆ. ಅವ್ಳಿಗೂ ಈ ಕಾಗ್ದ ಒಂದು ಕೊಟ್ಬಿಡಿ."

ನೂರಕ್ಕೆ ಇಬ್ಬರೆಂದರೆ ಎಲ್ಲೋ ಕೂತಿರುವ ಇನ್ನೊಬ್ಬಳೇ ಹೆಂಗಸು ಎಂದಲ್ಲ, ಅಂಥವರು ಬಹಳ ಮಂದಿ, ಊರೂರಲ್ಲಿದ್ದಾರೆ ಎಂದು ತಿದ್ದಲು ಬಾಯಿ ತೆರೆದೆ. ಲೆಕ್ಕದ ಪ್ರಕಾರ ತಿದ್ದಲೇಬೇಕಿತ್ತು.

"ಕೊಡ್ತೀನಿ ಕಣಮ್ಮ" ಎಂದೆ.