ಆಡು ತಿಂದ ನುಗ್ಗೆ ಸೊಪ್ಪು

೧೯೪೩ರ ಸುಮಾರು. ಹಾನಗಲ್ಲಿನ ಹತ್ತಿರದ ಆಡೂರಿನಲ್ಲಿ ವಿಧವೆ ಗುತ್ತೆವ್ವ ಊರವರ ಭತ್ತ ಕುಟ್ಟಿ ಮೂವರು ಮಕ್ಕಳನ್ನು ಸಾಕುತ್ತಿದ್ದಳು. ಕೂಲಿಗೆ ನುಚ್ಚಕ್ಕಿ ಸಿಗುತ್ತಿತ್ತು. ಎರಡು ಹೊತ್ತೂ ಅದರದೇ ಗಂಜಿ, ನಂಜಿಕೊಳ್ಳಲು ಉಪ್ಪು, ಮೆಣಸಿನಕಾಯಿ. ಮಕ್ಕಳ ಹೊಟ್ಟೆ ತುಂಬಿದರೆ ಸಾಕೆಂದುಕೊಂಡಿದ್ದಳು.

ಒಂದು ಮುಸ್ಸಂಜೆ ಕಿರಿಯ ಮಗಳು ಶೇಖವ್ವ ಹೊಸ್ತಿಲು ಎಡವಿ ಬಿದ್ದಳು. ಎದ್ದು, "ಅವ್ವಾ, ಎಲ್ಲಿದ್ದಿ?" ಎಂದು ಗೋಡೆ ತಡವತೊಡಗಿದಳು. ಗುತ್ತೆವ್ವ ಅವಳ ಎದುರಿಗೇ ನಿಂತಿದ್ದಳು. ಮಗಳನ್ನೆತ್ತಿಕೊಂಡು ಸೂಲಗಿತ್ತಿ ಮಹಾದೇವಕ್ಕನ ಬಳಿಗೆ ಓಡಿದಳು.

"ಇದು ಇರುಳುಗಣ್ಣು," ಎಂದಳು ಮಹಾದೇವಕ್ಕ. "ನಿನ್ನ ಹಿತ್ತಲದಾಗ ನುಗ್ಗಿ ಗಿಡ ಐತೆಲ್ಲ, ಅದರ ಎಲಿ ಏನ್ ಮಾಡ್ತಿ?"

"ಆಡಿಗೆ ಹಾಕ್ತೇನ್ರಿ ಅಕ್ಕಾ. ನಾವು ಕಾಯಿ ಅಷ್ಟ ತಿಂತೇವಿ."

"ಹಂಗಾರ ಆಡು ನಿನ್ನ ಮಗಳಿಗಿಂತ ಚೊಲೊ ಉಣ್ಣಾಕತ್ತೈತಿ. ದಿನಾ ಎಲಿ ಪಲ್ಯ ಮಾಡು, ಮ್ಯಾಲೆ ಶೇಂಗಾ ಪುಡಿ ಉದುರಿಸು. ಜಿಡ್ಡಿದ್ರನ ಅದು ಮೈಗೆ ಹತ್ತತೈತಿ. ಒಂದಿಷ್ಟು ನುಚ್ಚು ಕೊಟ್ಟು ಹುರಳಿ ತಗೊಂಡು ಕಟ್ಟು ಕಾಸು."

ಗುತ್ತೆವ್ವ ಅತ್ತಳು. "ಹಿತ್ತಲದಾಗ ಇದ್ರೂ ತಿಳೀಲಿಲ್ರಿ."

"ಯಾರೂ ಹೇಳಿದ್ದಿಲ್ಲ, ನೀನೇನ್ ಮಾಡ್ತಿ," ಎಂದು ಮಹಾದೇವಕ್ಕ ಅವಳ ಬೆನ್ನು ಸವರಿದಳು.

ಮೊದಮೊದಲು ಮಕ್ಕಳು ಕಹಿಯೆಂದು ಮುಖ ಕಿವುಚಿದವು. ಅವಳು ತುತ್ತು ಮಾಡಿ ಬಾಯಿಗಿಟ್ಟಳು. ಒಂದು ತಿಂಗಳ ಮೇಲೆ, ಹೊತ್ತು ಮುಳುಗಿದಾಗ ಕೆಲಸದಿಂದ ಬಂದವಳನ್ನು ಶೇಖವ್ವ ಕಟ್ಟೆಯ ಮೇಲಿಂದಲೇ ನೋಡಿ ನಕ್ಕಳು.

"ಅವ್ವಾ, ನಿನ್ನ ಹುಬ್ಬಿಗೆ ತೌಡು ಹತ್ತೈತಿ."

ಗುತ್ತೆವ್ವ ಅದನ್ನು ತಾನು ಒರೆಸಿಕೊಳ್ಳಲಿಲ್ಲ. ಮಗಳ ಮುಂದೆ ಕುಳಿತು ಮುಖವೊಡ್ಡಿದಳು.