ಇನ್ನೂರು ಮಂದಿಗೆ ಒಂದೇ ಹೇಳಿಕೆ

ಮದುವೆಯ ಹೇಳಿಕೆಗೆ, ಎಂದರೆ ಮನೆಮನೆಗೆ ಕರೆಯಲು, ಹೋದವರು ಜಗಲಿಯಲ್ಲಿ ಕೂತು, ಹೆಸರು ಹಿಡಿದು ಕರೆಯಬೇಕು. ಕಾಗದ ಎಸೆದು ಬಂದರೆ ಅದು ಹೇಳಿಕೆಯೇ ಅಲ್ಲ ಎಂದು ನಂಬಿದ ಮನೆಯವಳು ಸ್ಫೂರ್ತಿ. ಶಿರಸಿಯ ಬಸ್‌ಸ್ಟ್ಯಾಂಡ್ ಹತ್ತಿರ ಮಹಡಿಯ ಕೋಣೆಯೊಂದರಿಂದ ಅವಳು ಹೆಗಡೆಕಟ್ಟಾ, ಎಕ್ಕಂಬಿ ಕಡೆಯ ನಲವತ್ತು ಬೆಳೆಗಾರರ ಕಾಳುಮೆಣಸಿಗೆ ಗಿರಾಕಿ ಹುಡುಕುತ್ತಾಳೆ. ಲಿಂಕ್ಡ್‌ಇನ್‌ನಲ್ಲಿ ಒಬ್ಬೊಬ್ಬರ ಪರಿಚಯ ಓದಿ, ಎರಡು ಸಾಲು ಬರೆದು ಸ್ನೇಹ ಕೋರುವುದು ಆರು ವರ್ಷದ ಅಭ್ಯಾಸ. ಮೇಜಿನ ಮೇಲೊಂದು ಚೀಟಿಯಿತ್ತು: ದೊಡ್ಮನೆ ಸುಜಯ, ಕೊಚ್ಚಿಯ ಮಸಾಲೆ ಕಂಪನಿಯ ಖರೀದಿ ಮುಖ್ಯಸ್ಥ. ಈ ವರ್ಷ ಅವನ ಖರೀದಿ ಸಿಕ್ಕರೆ ನಲವತ್ತು ಮನೆಯವರೂ ನಿರಾಳ. ಸರಿಯಾಗಿ ಬರೆಯಬೇಕೆಂದೇ ಅವಳು ತಡಮಾಡಿದ್ದಳು.

"ದಿನಕ್ಕೆ ಐದು ಜನಕ್ಕೆ ಬರ್ಕಂಡು ಕೂತ್ರೆ ಯಾವಾಗ ಮುಗೀತದೆ ಅಕ್ಕಾ?" ಎಂದ ಜೊತೆಗೆ ಕೆಲಸ ಮಾಡುವ ಎಕ್ಕಂಬಿಯ ಉಲ್ಲಾಸ. ಬ್ರೌಸರಿಗೆ ಒಂದು ಉಪಕರಣ ಸೇರಿಸಿಕೊಟ್ಟ. ಒಂದು ಒಕ್ಕಣೆ ಬರೆದಿಟ್ಟರೆ ತಾನೇ ಒಬ್ಬೊಬ್ಬರ ಹೆಸರು ತುಂಬಿಸಿ ಕಳಿಸುತ್ತ ಹೋಗುತ್ತದೆ. ಸ್ಫೂರ್ತಿಗೂ ಆಸೆ ಹುಟ್ಟಿತು. ಎರಡು ವಾರದಲ್ಲಿ ಇನ್ನೂರು ಕೋರಿಕೆ ಹೋದವು, ಒಪ್ಪಿದವರು ಮೂವತ್ತೊಂದು.

ಹದಿನೈದನೇ ದಿನ ಖಾತೆ ತೆರೆಯಲಿಲ್ಲ. ಸ್ವಯಂಚಾಲಿತ ಉಪಕರಣ ಬಳಸಿದ ಅನುಮಾನವಿದೆ, ನಿರ್ಬಂಧಿಸಲಾಗಿದೆ, ಗುರುತಿನ ಚೀಟಿ ತೋರಿಸಿ ಎಂಬ ಸೂಚನೆ. ಇದು ಅಲ್ಲಿನ ನಿಯಮಕ್ಕೆ ವಿರುದ್ಧ, ಮತ್ತೆ ಮಾಡಿದರೆ ಖಾತೆ ಶಾಶ್ವತವಾಗಿ ಹೋದೀತು ಎಂಬುದು ಆಗ ಓದಿ ತಿಳಿಯಿತು. ಹಳೆಯ ಗಿರಾಕಿಗಳ ಪ್ರಶ್ನೆಗಳೂ ಒಳಗೇ ಉಳಿದವು. ಅವಳಿಗೆ ನಿಜಕ್ಕೂ ಹೆದರಿಕೆಯಾಯಿತು.

ಮಧ್ಯಾಹ್ನ ಫೋನ್ ಬಂತು. ಸುಜಯನೇ. ಒಕ್ಕಣೆಯ ಕೆಳಗೆ ಅವಳ ನಂಬರಿತ್ತು.

"ಆನು ದೊಡ್ಮನೆ ಅಲ್ದ, ದೊಡ್ಮನೆಯಂವ," ಎಂದ ಹವ್ಯಕ ಮಾತಿನಲ್ಲೇ.

ಅವಳಿಗೆ ಅರ್ಥವಾಯಿತು. ಅವನು ಊರಿನ ಹೆಸರು ಮೊದಲು ಬರೆದುಕೊಂಡಿದ್ದ. ಉಪಕರಣ ಅದನ್ನೇ ಹಿಡಿದು 'ಪ್ರಿಯ ದೊಡ್ಮನೆ' ಎಂದಿತ್ತು.

"ಎಂಗಳ ಆಫೀಸಿನ ಐದು ಜನಕ್ಕೂ ಇದೇ ಬಂತು. ಮೂರು ಜನ ನಿಂಗ್ಳ ಗೊತ್ತಿಲ್ಲೆ ಹೇಳಿ ಬಟನ್ ಒತ್ತಿದ. ಆನು ಎಂತೂ ಮಾಡಿದ್ನಿಲ್ಲೆ."

"ಅದು ಆನು ಬರೆದದ್ದಲ್ದ," ಎಂದಳು ಸ್ಫೂರ್ತಿ.

"ಕೆಳಗೆ ಹೆಸರು ನಿಂಗ್ಳದ್ದೇ ಇತ್ತಲೆ."

ಆ ವರ್ಷದ ಮೆಣಸನ್ನು ಅವನ ಕಂಪನಿ ಬೇರೆ ಕಡೆ ಕೊಂಡಿತು. ನಲವತ್ತು ಮನೆಗೂ ಅವಳೇ ಹೋಗಿ ಹೇಳಿದಳು, ಉಲ್ಲಾಸನ ಹೆಸರೆತ್ತಲಿಲ್ಲ.

ಗುರುತಿನ ಚೀಟಿ ಕಳಿಸಿ ವಾರದ ನಂತರ ಖಾತೆ ತೆರೆಯಿತು. ಉಪಕರಣ ತೆಗೆದುಹಾಕಿ, ಉತ್ತರವಿಲ್ಲದೆ ಬಿದ್ದಿದ್ದ ಕೋರಿಕೆಗಳನ್ನು ಒಂದೊಂದಾಗಿ ಹಿಂದಕ್ಕೆ ಪಡೆದಳು, ಸುಜಯನದ್ದನ್ನೂ. ಹಿಂದಕ್ಕೆ ಪಡೆದರೆ ಅದೇ ವ್ಯಕ್ತಿಗೆ ಮೂರು ವಾರ ಮತ್ತೆ ಕಳಿಸುವಂತಿಲ್ಲ. ಕಾದಳು. ಆಮೇಲೆ ಕೂತು ಬರೆದಳು: 'ದೊಡ್ಮನೆಯ ಸುಜಯ ಅವರಿಗೆ, ಬರುವ ಫೆಬ್ರುವರಿಯಲ್ಲಿ ಹೆಗಡೆಕಟ್ಟಾದಲ್ಲಿ ಮೆಣಸು ಕೊಯ್ಲು. ಒಮ್ಮೆ ಬಂದು ನೋಡಿ.'

ಒಂಬತ್ತು ದಿನ ಏನೂ ಇಲ್ಲ. ಹತ್ತನೇ ದಿನ ಕೋರಿಕೆ ಒಪ್ಪಿ ಅವನು ಒಂದು ಸಾಲು ಬರೆದಿದ್ದ:

"ಈಗ ಹೇಳಿಕೆ ಮುಟ್ಟಿತು. ಬತ್ತೆ."