ಭಾನುಪ್ರಿಯ ಕಂತು ಇಳಿಸಿಕೊಂಡದ್ದು

ಭಾನುಪ್ರಿಯ ರಾಮನಗರದ ಒಂದು ಖಾಸಗಿ ಕಾಲೇಜಿನಲ್ಲಿ ಫೀಸು ಕಟ್ಟಿಸಿಕೊಳ್ಳುವ ಕೌಂಟರಿನವಳು. ಮನೆ ಚನ್ನಪಟ್ಟಣದಲ್ಲಿ, ಬಾಡಿಗೆಗೆ. ಗಂಡ ಲೋಕೇಶ್ ಬಿಡದಿಯ ಕಾರ್ಖಾನೆಯೊಂದಕ್ಕೆ ಕೆಲಸಗಾರರನ್ನು ಕರೆದೊಯ್ಯಲು ತನ್ನದೇ ವ್ಯಾನು ಓಡಿಸುತ್ತಿದ್ದ. ಮದುವೆಯಾಗಿ ಒಂಬತ್ತು ವರ್ಷವಾದರೂ ಮಕ್ಕಳಾಗಿರಲಿಲ್ಲ. ಬೆಂಗಳೂರಿನ ಆಸ್ಪತ್ರೆಯಲ್ಲಿ ಮೊದಲ ಸಲದ ಚಿಕಿತ್ಸೆಗೆ ಕೂಡಿಟ್ಟದ್ದೆಲ್ಲ ಹೋಯಿತು. ಎರಡನೆಯ ಸಲಕ್ಕೆ, ಸಂಬಳದ ಚೀಟಿ ಇರುವುದು ಅವಳಿಗೇ ಆದ್ದರಿಂದ, ಅವಳ ಹೆಸರಿನಲ್ಲಿ ಐದು ಲಕ್ಷ ಪರ್ಸನಲ್ ಲೋನ್ ತೆಗೆದರು. ನಾಲ್ಕು ವರ್ಷದ ಸಾಲ, ತಿಂಗಳಿಗೆ ಹದಿಮೂರು ಸಾವಿರದ ನಾನೂರು ಚಿಲ್ಲರೆ ಕಂತು.

ಎರಡನೆಯ ಸಲ ಗರ್ಭ ನಿಂತಿತು. ಮೂರನೇ ತಿಂಗಳಿಗೆ ಬೀಳುವ ಮುಂಚೆಯೇ ಹೋಯಿತು.

ಆಮೇಲೆ ಅವಳು ಅತ್ತದ್ದು ಕಡಿಮೆ. ರಜೆ ಮುಗಿದ ಮಾರನೇ ದಿನವೇ ಕೌಂಟರಿನಲ್ಲಿ ಕೂತು ರಸೀದಿ ಹರಿದಳು. ಅಕ್ಕೂರಿನಿಂದ ಅತ್ತೆ ಶಿವಲಿಂಗಮ್ಮ ಬಂದು ಒಂದು ವಾರ ಇದ್ದು, ಬಾಣಂತಿಗೆ ಮಾಡುವಂತೆ ಸಾರು ಮಾಡಿಕೊಟ್ಟು ಹೋದರು. ಅದನ್ನೂ ಅವಳು ಉಂಡಳು. ರುಚಿ ಏನಿತ್ತೆಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಪ್ರತಿ ತಿಂಗಳು ಐದನೇ ತಾರೀಕು ಸಂಬಳದ ಖಾತೆಯಿಂದ ಕಂತು ಕಡಿತವಾದ ಮೆಸೇಜು ಬರುತ್ತಿತ್ತು. ನೋಡಿ ಅಳಿಸುತ್ತಿದ್ದಳು. ಮನೆಯಲ್ಲಿ ಇಬ್ಬರೂ ಆ ವಿಷಯ ಎತ್ತುತ್ತಿರಲಿಲ್ಲ. ಗ್ಯಾಸು, ನೀರು, ವ್ಯಾನಿನ ಟೈರು ಇಂಥವನ್ನೇ ಮಾತಾಡುತ್ತಿದ್ದರು.

ಹೀಗೆ ಸಾಲ ತೆಗೆದು ವರ್ಷವಾಯಿತು. ಒಂದು ಸಂಜೆ ಲೋಕೇಶ್ ಬೇಗ ಬಂದು ಹೊಸ್ತಿಲ ಮೇಲೆ ಕೂತ.

"ಕಾಂಟ್ರಾಕ್ಟು ಕ್ಯಾನ್ಸಲ್ ಆಯ್ತು ಕಣ್ ಭಾನು. ಕಂಪನಿಯೋರೇ ಬಸ್ಸು ಬುಟ್ಟವ್ರೆ. ನಮ್ ವ್ಯಾನೆಲ್ಲ ಬ್ಯಾಡ್ವಂತೆ."

"ಮುಂದ್ಕೆ?"

"ಮದ್ವೆ ಬಾಡ್ಗೆ, ದೇವಸ್ಥಾನದ ಬಾಡ್ಗೆ ಸಿಕ್ದಂಗೆ ಹೊಡೀಬೇಕು. ಕಬ್ಬಾಳಿಗೆ ಹೋಗೋರು ಸಿಕ್ತಾರೆ. ಆದ್ರೆ ತಿಂಗ್ಳಾ ಇಷ್ಟೇ ಬತ್ತದೆ ಅಂತ ಹೇಳಕಾಗಕಿಲ್ಲ."

ಅವಳಿಗೆ ಮೂವತ್ತು ಸಾವಿರದ ಮೇಲೊಂದಿಷ್ಟು ಸಂಬಳ. ಬಾಡಿಗೆ, ಕಂತು ಕಳೆದರೆ ಉಳಿಯುವುದು ವ್ಯಾನಿನ ಇನ್ಶೂರೆನ್ಸಿಗೇ ಸಾಲದು. ಎರಡು ತಿಂಗಳು ಸರವನ್ನು ಗಿರವಿ ಇಟ್ಟು ದೂಡಿದರು.

ಆಫೀಸಿನಲ್ಲಿ ಅವಳ ಪಕ್ಕದ ಮೇಜು ಕರೀಮುನ್ನೀಸಾ ಮೇಡಂದು. ಹಿರಿಯ ಗುಮಾಸ್ತೆ, ಮಗಳ ಮದುವೆಯ ಸಾಲವನ್ನು ತೀರಿಸಿ ದಡ ಸೇರಿದವರು. ಒಂದು ಮಧ್ಯಾಹ್ನ ಡಬ್ಬಿ ತೆರೆದು ಕೂತಾಗ ಅವರೇ ಕೇಳಿದರು: "ಯಾಕ್ ಭಾನು, ಕತ್ತು ಬರೀದು?"

ಅವಳು ಹೇಳಿದಳು.

"ಕಂತು ತಪ್ಪೋ ಮುಂಚೆ ಬ್ಯಾಂಕಿಗೆ ಲೆಟ್ರು ಕೊಡಮ್ಮ. ತಪ್ಪಿದ್ ಮೇಲೆ ಹೋದ್ರೆ ಅವ್ರ ಮುಖಾನೇ ಬೇರೆ ಇರ್ತದೆ. ಅವಧಿ ಜಾಸ್ತಿ ಮಾಡಿ, ಕಂತು ಕಮ್ಮಿ ಮಾಡಿ ಅಂತ ಕೇಳು."

ಭಾನುಪ್ರಿಯ ಅಂದೇ ಬರೆಯಲು ಕೂತಳು. "ಮಾನ್ಯರೇ" ಎಂದು ಶುರು ಮಾಡಿದ್ದು ಎರಡು ಪುಟವಾಯಿತು. ಮದುವೆಯಾದ ವರ್ಷ, ಮೊದಲ ಆಸ್ಪತ್ರೆ, ಎರಡನೆಯ ಆಸ್ಪತ್ರೆ, ಸೂಜಿಗಳು, ಆ ಬೆಳಿಗ್ಗೆ. ಯಾರಿಗೂ ಹೇಳದ್ದು ಬ್ಯಾಂಕಿನ ಹೆಸರಿಗೆ ತಾನಾಗಿ ಬಂದಿತ್ತು. ಕರೀಮುನ್ನೀಸಾ ಪೂರ್ತಿ ಓದಿದರು, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

"ಇದನ್ನ ಮನೇಲಿಡು. ಬ್ಯಾಂಕಿಗೆ ಇದು ಬ್ಯಾಡ. ಲೋನ್ ನಂಬರ್, ಇಲ್ಲೀವರ್ಗೂ ಒಂದೂ ಕಂತು ತಪ್ಪಿಲ್ಲ ಅಂತ, ಮನೆ ಆದಾಯ ಯಾಕ್ ಕಮ್ಮಿ ಆಯ್ತು ಅಂತ, ತಿಂಗ್ಳಿಗೆ ಎಷ್ಟು ಕಟ್ಟಕ್ಕಾಗ್ತದೆ ಅಂತ. ಸಾಕು."

ಎರಡನೆಯ ಪತ್ರ ಅರ್ಧ ಪುಟವೂ ಆಗಲಿಲ್ಲ. 'ಸಾಲವನ್ನು ವೈದ್ಯಕೀಯ ಖರ್ಚಿಗಾಗಿ ಪಡೆದಿದ್ದು, ಪತಿಯ ವಾಹನ ಗುತ್ತಿಗೆ ರದ್ದಾಗಿರುವುದರಿಂದ ಈಗಿನ ಕಂತು ಭರಿಸುವುದು ಕಷ್ಟವಾಗಿದೆ. ಬಾಕಿ ಸಾಲದ ಅವಧಿಯನ್ನು ಐದು ವರ್ಷಕ್ಕೆ ವಿಸ್ತರಿಸಿ ಮಾಸಿಕ ಕಂತನ್ನು ಒಂಬತ್ತು ಸಾವಿರದೊಳಗೆ ಇಳಿಸಿಕೊಡಬೇಕಾಗಿ ಕೋರುತ್ತೇನೆ.' ಅದರ ಜೊತೆಗೆ ಮೂರು ತಿಂಗಳ ಸಂಬಳದ ಚೀಟಿ, ಆರು ತಿಂಗಳ ಪಾಸ್‌ಬುಕ್ ವಿವರ, ಗುತ್ತಿಗೆ ರದ್ದಾದ ಪತ್ರದ ಜೆರಾಕ್ಸು.

ಬ್ಯಾಂಕಿನ ಮ್ಯಾನೇಜರ್ ಅಶ್ವಥ್ ನಡುವಯಸ್ಸಿನವರು, ಸಮಾಧಾನದ ಮನುಷ್ಯ. ಪತ್ರ ಓದಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು.

"ಹದಿನಾಲ್ಕು ಕಂತು ಕರೆಕ್ಟಾಗಿ ಕಟ್ಟಿದೀರ. ಇನ್ನು ಮೂರು ಲಕ್ಷದ ಎಂಬತ್ತು ಸಾವಿರದ ಹತ್ತಿರ ಬಾಕಿ ಇದೆ. ಐದು ವರ್ಷಕ್ಕೆ ಹಂಚಿದ್ರೆ ಎಂಟು ಸಾವಿರದ ಆರುನೂರು ಚಿಲ್ಲರೆ ಬರುತ್ತೆ. ಆದ್ರೆ ಒಟ್ಟು ಬಡ್ಡಿ ಅರವತ್ತು ಸಾವಿರದಷ್ಟು ಜಾಸ್ತಿ ಕಟ್ತೀರ. ಇದು ಗೊತ್ತಿರಲಿ."

"ಗೊತ್ತು ಸಾರ್."

"ಸಿಬಿಲ್‌ನಲ್ಲೂ ಸಾಲ ರಿಸ್ಟ್ರಕ್ಚರ್ ಆಗಿದೆ ಅಂತ ಬರುತ್ತೆ. ಮುಂದೆ ಬೇರೆ ಸಾಲ ಸಿಗೋದು ಸ್ವಲ್ಪ ಕಷ್ಟ. ಯಾವುದಾದ್ರೂ ಸಾಲ ತಗೊಳ್ಳೋ ಯೋಚನೆ ಇದೆಯಾ?"

ಮೂರನೆಯ ಸಲ ಪ್ರಯತ್ನಿಸಬಹುದು ಎಂದು ಡಾಕ್ಟರು ಹೇಳಿದ್ದರು. ಗಂಡ ಹೆಂಡತಿ ಅದನ್ನು ಮಾತಾಡಿಯೇ ಇರಲಿಲ್ಲ. ಈಗ ಮೇಜಿನಾಚೆ ಕೂತ ಅಪರಿಚಿತ ಕೇಳುತ್ತಿದ್ದ, ಉತ್ತರ ಅವಳೊಬ್ಬಳೇ ಕೊಡಬೇಕಿತ್ತು.

"ಇಲ್ಲ ಸಾರ್," ಎಂದಳು.

"ವೈದ್ಯಕೀಯ ಖರ್ಚು ಅಂತ ಬರೆದಿದೀರ. ಯಾರಿಗೆ ಹುಷಾರಿರ್ಲಿಲ್ಲ?"

"ನನಗೇ."

"ಈಗ ಆರಾಮಾಗಿದೀರಾ?"

"ಹೂಂ ಸಾರ್. ಆರಾಮಾಗಿದೀನಿ."

ಅವರು ನಿಜವಾಗಿಯೂ ಸಂತೋಷಪಟ್ಟು ತಲೆಯಾಡಿಸಿದರು. ಮಂಜೂರು ಮಾಡುವುದು ತಮ್ಮ ಕೈಯಲ್ಲಿಲ್ಲ, ಮೇಲಿನ ಕಚೇರಿಗೆ ಕಳಿಸುತ್ತೇನೆ, ಉತ್ತರ ಬರುವ ತನಕ ಹಳೆಯ ಕಂತೇ ಕಡಿತವಾಗುತ್ತದೆ, ಖಾತೆಯಲ್ಲಿ ಹಣ ಇರಲಿ ಎಂದು ಹೇಳಿ, ಪತ್ರದ ಪ್ರತಿಗೆ ಸೀಲು ಹೊಡೆದು ಕೊಟ್ಟರು.

ಮುಂದಿನ ತಿಂಗಳ ಹಳೆಯ ಕಂತಿಗೆ ಲೋಕೇಶ್ ವ್ಯಾನಿಗೆ ಹಾಕಿಸಿದ್ದ ಹೊಸ ಸೀಟುಗಳನ್ನು ಮಾರಿ ಹಳೆಯವನ್ನೇ ಜೋಡಿಸಿಕೊಂಡ. ಅದು ಕಟ್ಟಿದ ಮೇಲೆ ಬ್ಯಾಂಕಿನಿಂದ ಫೋನು ಬಂತು, ಮಂಜೂರಾಗಿದೆ, ಬಂದು ಸಹಿ ಮಾಡಿ ಎಂದು.

ಅವತ್ತು ಲೋಕೇಶನೂ ಜೊತೆಗೆ ಬಂದ. ಸಾಲ ಅವಳದ್ದು, ಅವನ ಸಹಿ ಬೇಕಿರಲಿಲ್ಲ. ಸ್ಟಾಂಪ್ ಪೇಪರಿನ ಒಪ್ಪಂದದ ಪ್ರತಿ ಹಾಳೆಗೂ ಅವಳು ಸಹಿ ಹಾಕುತ್ತಿದ್ದಾಗ ಪಕ್ಕದ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದ. ಕೊನೆಯ ಕಂತಿನ ವರ್ಷ ಅಚ್ಚಾಗಿದ್ದ ಕಡೆ ಅವಳ ಪೆನ್ನು ಸ್ವಲ್ಪ ನಿಂತು ಮುಂದಕ್ಕೆ ಹೋಯಿತು. ಅಷ್ಟೊತ್ತಿಗೆ ಅವಳಿಗೆ ನಲವತ್ತೆರಡಾಗಿರುತ್ತದೆ.

ಹೊರಗೆ ಬಂದಾಗ ಅವಳು ನಡೆಯುತ್ತಲೇ ಹೇಳಿದಳು: "ಇನ್ ಸಾಲ ಸಿಗದು ಕಷ್ಟ ಅಂದ್ರು. ನಾನು ಇನ್ನೇನೂ ಬ್ಯಾಡ ಅಂದ್ಬುಟ್ಟೆ."

ಲೋಕೇಶ್ ನಿಂತ. ಯಾವುದರ ಮಾತೆಂದು ಅವನಿಗೆ ಅರ್ಥವಾಯಿತು.

"ನಂಗೂ ಬ್ಯಾಡ ಕಣ್ ಭಾನು," ಎಂದ. "ನಿನ್ನ ಆ ಆಸ್ಪತ್ರೆ ಮಂಚದ ಮ್ಯಾಲೆ ಇನ್ನೊಂದ್ಸಲ ನೋಡಕಾಗಕಿಲ್ಲ. ಎಂಗೆ ಹೇಳದು ಅಂತ ಸುಮ್ಕಿದ್ದೆ."

"ನೀವು ಬೇಕು ಅಂತೀರೇನೋ ಅಂತ ನಾನ್ ಸುಮ್ಕಿದ್ದೆ."

ಹತ್ತಿರದ ಹೋಟೆಲಿಗೆ ಹೋಗಿ ತಟ್ಟೆ ಇಡ್ಲಿ ತಗೊಂಡರು. ಬೆಣ್ಣೆ ಕರಗಿ ತಟ್ಟೆಯಂಚಿಗೆ ಹರಿಯುತ್ತಿತ್ತು. ಮೊದಲ ತುತ್ತಿಗೇ ಅವಳ ನಾಲಿಗೆ ಸುಟ್ಟಿತು, ಕಣ್ಣಲ್ಲಿ ನೀರು ಬಂತು.

"ಒಸಿ ಆರ್ಲಿ, ತಡಿ," ಎಂದು ಲೋಕೇಶ್ ನೀರಿನ ಲೋಟ ಮುಂದಿಟ್ಟ.

ಅವಳು ನೀರು ಕುಡಿಯಲಿಲ್ಲ. ಕಣ್ಣು ಒರೆಸಿಕೊಳ್ಳದೆ ಹಾಗೇ ಇನ್ನೊಂದು ತುತ್ತು ಮುರಿದುಕೊಂಡಳು.